ಫೋನ್ ಸ್ಪೀಕರಲ್ಲೂ ಮಾತು ಸ್ಪಷ್ಟವಾಗಿ ಕೇಳ್ಬೇಕಾ? ವಾಯ್ಸ್, ಮ್ಯೂಸಿಕ್, ಆಂಬಿಯನ್ಸ್ ಮಿಕ್ಸ್ ಮಾಡೋ ಪೂರ್ತಿ ವಿಧಾನ

ಹೆಡ್‌ಫೋನ್ ಹಾಕ್ಕೊಂಡು ಎಡಿಟ್ ಮಾಡುವಾಗ ಎಲ್ಲಾ ಸರಿಯಾಗೇ ಕೇಳ್ಸತ್ತೆ, ಅದೇ ವಿಡಿಯೋನ ಫೋನಲ್ಲಿ ಹಾಕಿದ್ರೆ ಮಾತು ಮ್ಯೂಸಿಕ್ ಹಿಂದೆ ಎಲ್ಲೋ ಹೋಗಿ ಕೂತಿರತ್ತೆ. ಆಗ ಸುಮಾರು ಜನ ಮಾಡೋದು ಒಂದೇ, ವಾಯ್ಸ್ ಫೇಡರ್ ಮೇಲಕ್ಕೆ ತಳ್ಳೋದು. ಸ್ವಲ್ಪ ಸರಿ ಹೋದಂಗೆ ಅನ್ಸತ್ತೆ, ಆದ್ರೆ ಈಗ ಹೆಡ್‌ಫೋನಲ್ಲಿ ಕೇಳೋರಿಗೆ ಯಾರೋ ಕಿವಿಗೇ ಬಾಯಿ ಇಟ್ಟು ಮಾತಾಡಿದಂಗಾಗತ್ತೆ, ಫೋನಲ್ಲಿ ಮಾತ್ರ ಇನ್ನೂ ಅರ್ಧಂಬರ್ಧ. ಯಾಕಂದ್ರೆ ತೊಂದ್ರೆ ಇರೋದು ಬರೀ ವಾಲ್ಯೂಮಲ್ಲಿ ಅಲ್ಲ.

ಫೋನಿನ ಸ್ಪೀಕರ್ ಉಗುರಿನಷ್ಟಗಲ ಇರತ್ತೆ, ಅದಕ್ಕೆ ತಳ್ಳೋಕೆ ಗಾಳಿನೇ ಇಲ್ಲ. ಹೆಚ್ಚುಕಮ್ಮಿ 400-500 ಹರ್ಟ್ಸ್‌ಗಿಂತ ಕೆಳಗೆ ಸದ್ದು ಬೇಗ ಬೇಗ ಬಿದ್ದೋಗತ್ತೆ, 200ಕ್ಕಿಂತ ಕೆಳಗೆ ಏನೂ ಇಲ್ಲ ಅಂತಾನೇ ಅನ್ಕೊಳ್ಳಿ. ಈಗ ಗಂಡಸರ ಮಾತಿನ ಮೂಲ ಸ್ವರ ಇರೋದು ಸುಮಾರು 85ರಿಂದ 180 ಹರ್ಟ್ಸ್ ಒಳಗೆ, ಹೆಂಗಸರದ್ದು 165ರಿಂದ 255. ಅಂದ್ರೆ ಮಾತಿನ ಬುಡಾನೇ ಫೋನಲ್ಲಿ ಬರಲ್ಲ. ಆದ್ರೂ ನಮಗೆ ಅದು ಗಂಡಸಿನ ದನಿ ಅಂತ ಗೊತ್ತಾಗತ್ತಲ್ಲ, ಅದು ಮೇಲಿನ ಹಾರ್ಮೋನಿಕ್ಸ್ ಕೇಳಿ ಮಿದುಳು ಕೆಳಗಿನದನ್ನ ತಾನೇ ತುಂಬಿಕೊಳ್ಳೋದು. ಅಕ್ಷರ ಗುರುತಿಸೋಕೆ ಬೇಕಾದ ವಿಷಯ ಮುಖ್ಯವಾಗಿ 1ರಿಂದ 4 ಕಿಲೋಹರ್ಟ್ಸ್ ಮಧ್ಯೆ ಇರತ್ತೆ, ಸ, ಶ ಥರದವು ಇನ್ನೂ ಮೇಲೆ ಹೋಗ್ತವೆ. ಕಷ್ಟ ಏನಂದ್ರೆ ಮ್ಯೂಸಿಕ್ಕೂ ಆಂಬಿಯನ್ಸೂ ಫೋನಿಗೆ ಬಂದಾಗ ತಮ್ಮ ಬಾಸ್ ಕಳ್ಕೊಂಡು ಇದೇ 1ರಿಂದ 4ರ ಜಾಗಕ್ಕೇ ಬಂದು ಕೂರ್ತವೆ. ಹೆಡ್‌ಫೋನಲ್ಲಿ ಮೂರೂ ಬೇರೆಬೇರೆ ಮಹಡಿಯಲ್ಲಿದ್ವು, ಫೋನಲ್ಲಿ ಮೂರಕ್ಕೂ ಒಂದೇ ರೂಮು.

ಹಂಗಾಗಿ ಈ ಗೈಡ್‌ನಲ್ಲಿ ನಾನು ಹೇಳೋದು ಇಷ್ಟೇ: ಆ ರೂಮಲ್ಲಿ ಮಾತಿನ ಜೊತೆ ಒಂದು ಸಲಕ್ಕೆ ಒಬ್ರನ್ನ ಮಾತ್ರ ಬಿಡಿ, ಅವರೂ ಮೂಲೆಯಲ್ಲಿ ಕೂರೋ ಹಾಗೆ ನೋಡ್ಕೊಳ್ಳಿ. ಮಿಕ್ಕಿದ್ದೆಲ್ಲ ಅದನ್ನ ಹೇಗೆ ಮಾಡೋದು ಅನ್ನೋ ವಿವರ.

ಉದಾಹರಣೆಗೆ ಒಂದು ಮೂರು ನಿಮಿಷದ ವಿಡಿಯೋ ತಗೊಳ್ಳೋಣ, ಮಂಡ್ಯ ಕಡೆಯ ಆಲೆಮನೆ ಬಗ್ಗೆ. ಟ್ರ್ಯಾಕ್ ಮೂರಿವೆ. ಮನೇಲಿ ರೆಕಾರ್ಡ್ ಮಾಡಿದ ವಾಯ್ಸ್ ಓವರ್, ಕೊಳಲು ಪ್ಲಸ್ ತಂಬೂರ ಇರೋ ಮ್ಯೂಸಿಕ್, ಆಮೇಲೆ ಆಲೆಮನೆಯಲ್ಲೇ ರೆಕಾರ್ಡ್ ಮಾಡಿದ ಗಾಣದ ಸದ್ದು, ಕೊಪ್ಪರಿಗೆಯಲ್ಲಿ ಕಬ್ಬಿನ ರಸ ಕುದಿಯೋ ಸದ್ದು. ಸಾಫ್ಟ್‌ವೇರ್ ಆಡಾಸಿಟಿ ಅಂತ ಇಟ್ಕೊಳ್ಳೋಣ, ಫ್ರೀ ಇದೆ, ಎಲ್ಲರ ಕಂಪ್ಯೂಟರಲ್ಲೂ ಓಡತ್ತೆ. ನಿಮ್ಮದು ಬೇರೆ ಇದ್ರೂ ಪರವಾಗಿಲ್ಲ, ಇವೇ ಇಫೆಕ್ಟ್‌ಗಳು ಅಲ್ಲೂ ಇರ್ತವೆ.

ಮೊದ್ಲು ಫೋನ್ ಥರ ಕೇಳೋ ವ್ಯವಸ್ಥೆ

ಮಿಕ್ಸ್ ಶುರು ಮಾಡೋ ಮುಂಚೆನೇ ಇದನ್ನ ಮಾಡ್ಕೊಂಡ್ರೆ ಆಮೇಲಿನ ಕೆಲಸ ಅರ್ಧ ಕಮ್ಮಿ. ಪ್ರತಿ ಸಲ ಎಕ್ಸ್‌ಪೋರ್ಟ್ ಮಾಡಿ ಫೋನಿಗೆ ಕಳ್ಸಿ ಕೇಳ್ತಾ ಕೂತ್ರೆ ತಾಳ್ಮೆ ಹೋಗತ್ತೆ, ಅದಕ್ಕೆ ಕಂಪ್ಯೂಟರಲ್ಲೇ ಫೋನಿನ ಸದ್ದನ್ನ ಸ್ವಲ್ಪ ಮಟ್ಟಿಗೆ ನಕಲು ಮಾಡ್ಬಹುದು. ಎಫ್‌ಎಫ್‌ಎಂಪೆಗ್ ಅನ್ನೋ ಫ್ರೀ ಕಮಾಂಡ್ ಟೂಲ್ ಇದ್ರೆ ಈ ಒಂದು ಸಾಲು ಸಾಕು:

```
ffmpeg -i alemane.mp4 -af "pan=mono|c0=0.5*c0+0.5*c1,highpass=f=500,highpass=f=500,lowpass=f=9000" -c:v copy phone-test.mp4
```

ಇದು ಎಡ ಬಲ ಎರಡನ್ನೂ ಸೇರ್ಸಿ ಮೋನೋ ಮಾಡತ್ತೆ, 500 ಹರ್ಟ್ಸ್ ಕೆಳಗಿಂದನ್ನ ಕತ್ತರಿಸತ್ತೆ, ಹೈಪಾಸ್ ಎರಡು ಸಲ ಹಾಕಿರೋದು ಇಳಿಜಾರು ಜೋರಾಗಿರಲಿ ಅಂತ. ಇದು ಯಾವುದೋ ಒಂದು ಮಾಡೆಲ್ ಫೋನಿನ ತದ್ರೂಪ ಅಲ್ಲ, ನಿಜವಾದ ಫೋನ್‌ಗಳಿಗೆ ಅವುಗಳದ್ದೇ ಏರಿಳಿತ ಇರತ್ತೆ, ಆದ್ರೆ ಬುಡ ಹೋದ್ಮೇಲೆ ಏನು ಉಳಿಯತ್ತೆ ಅಂತ ತಿಳ್ಕೊಳ್ಳೋಕೆ ಇದು ಧಾರಾಳ ಸಾಕು.

ಆಲೆಮನೆ ವಿಡಿಯೋನ ಹೀಗೆ ಕೇಳಿದ್ರೆ ಮೊದ್ಲು ಗೊತ್ತಾಗೋದು ಗಾಣದ ವಿಷಯ. ಹೆಡ್‌ಫೋನಲ್ಲಿ ಗಾಣ ಅಂದ್ರೆ ಮೋಟರಿನ ದಪ್ಪ ಗುಯ್‌ಗುಯ್, ನೆಲ ನಡುಗೋ ಹಾಗಿರೋ ಧಡಧಡ. ಫೋನಲ್ಲಿ ಆ ದಪ್ಪ ಭಾಗ ಪೂರ್ತಿ ಮಾಯ, ಉಳಿಯೋದು ಹಲ್ಲುಚಕ್ರದ ಕಟಕಟ, ಕಬ್ಬು ಸೀಳೋ ಚಟಚಟ. ಕುದಿಯೋ ರಸದ ಸದ್ದಂತೂ ಹೆಚ್ಚುಕಮ್ಮಿ ಹಾಗೇ ಉಳಿಯತ್ತೆ, ಯಾಕಂದ್ರೆ ಅದು ಮೊದ್ಲಿಂದನೂ ಮೇಲಿನ ಸದ್ದೇ, ಶ್ಶ್ ಅಂತ ಒಂದೇ ಸಮ. ಆ ಶ್ಶ್ ಮೇಲೆ ಸ, ಶ, ಚ, ತ ಬಂದ್ರೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಅಂದ್ರೆ ಹೆಡ್‌ಫೋನಲ್ಲಿ ಅಬ್ಬರ ಮಾಡ್ತಿದ್ದ ಗಾಣಕ್ಕಿಂತ, ಅಲ್ಲಿ ಸುಮ್ನೆ ಕೂತಿದ್ದ ಕೊಪ್ಪರಿಗೆನೇ ಫೋನಲ್ಲಿ ಮಾತಿಗೆ ದೊಡ್ಡ ಶತ್ರು.

ಮೋನೋ ಮಾಡಿದ ತಕ್ಷಣ ಮಾತೇ ಮಾಯ ಆದ್ರೆ

ಇದನ್ನ ಈಗಲೇ ಹೇಳ್ಬಿಡ್ತೀನಿ, ಯಾಕಂದ್ರೆ ಇದಿದ್ರೆ ಮುಂದೆ ಮಾಡೋದೆಲ್ಲ ದಂಡ. ಮೇಲಿನ ಟೆಸ್ಟ್ ಫೈಲಲ್ಲಿ ಮ್ಯೂಸಿಕ್ ಕೇಳ್ತಿದೆ, ಮಾತು ಮಾತ್ರ ಎಲ್ಲೋ ಬಾವಿಯೊಳಗಿಂದ ಬಂದಂಗಿದೆ ಅಥವಾ ಇಲ್ವೇ ಇಲ್ಲ ಅಂದ್ರೆ ಎಡ ಬಲ ಚಾನೆಲ್ ಒಂದಕ್ಕೊಂದು ಉಲ್ಟಾ ಆಗಿವೆ ಅಂತ ಅರ್ಥ. ಎಕ್ಸ್‌ಎಲ್‌ಆರ್ ಮೈಕನ್ನ ಸರಿಯಲ್ಲದ ಕೇಬಲ್ ಹಾಕಿ ಕ್ಯಾಮೆರಾದ ಸ್ಟೀರಿಯೋ ತೂತಿಗೆ ಚುಚ್ಚಿದ್ರೆ ಹೀಗಾಗತ್ತೆ. ಬ್ಯಾಲೆನ್ಸ್ಡ್ ಮೈಕಿನ ಎರಡು ತಂತಿಲಿ ಒಂದೇ ಸದ್ದು ತಲೆಕೆಳಗಾಗಿ ಇರತ್ತೆ, ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ಹೋಗಿ ಕೂರತ್ತೆ. ಹೆಡ್‌ಫೋನಲ್ಲಿ ಎರಡು ಕಿವಿಗೂ ಬೇರೆಬೇರೆ ಹೋಗೋದ್ರಿಂದ ಅಷ್ಟೇನು ಗೊತ್ತಾಗಲ್ಲ, ಏನೋ ಒಂಥರಾ ಅಗಲ ಅನ್ಸತ್ತೆ ಅಷ್ಟೇ. ಒಂದೇ ಸ್ಪೀಕರಿನ ಫೋನಲ್ಲಿ ಎರಡೂ ಸೇರಿ ಸೊನ್ನೆ.

ಸರಿ ಮಾಡೋದು ಸುಲಭ. ಸ್ಟೀರಿಯೋ ಟ್ರ್ಯಾಕನ್ನ `Split Stereo to Mono` ಮಾಡಿ, ಒಂದು ಚಾನೆಲ್ ಡಿಲೀಟ್ ಮಾಡಿ, ಇನ್ನೊಂದನ್ನೇ ಮೋನೋ ಆಗಿ ನಡುವಲ್ಲಿ ಇಟ್ಕೊಳ್ಳಿ. ವಾಯ್ಸ್ ಓವರ್ ಯಾವತ್ತೂ ಮೋನೋನೇ ಇರಬೇಕು, ಅದಕ್ಕೆ ಸ್ಟೀರಿಯೋ ವೈಡ್ನರ್ ಹಾಕೋ ಹುಚ್ಚು ಕೆಲವರಿಗಿದೆ, ದಯವಿಟ್ಟು ಬೇಡ.

ಮಾತನ್ನ ಮೊದ್ಲು ಒಂಟಿಯಾಗಿ ರೆಡಿ ಮಾಡೋದು

ಮ್ಯೂಸಿಕ್, ಆಂಬಿಯನ್ಸ್ ಎರಡನ್ನೂ ಮ್ಯೂಟ್ ಮಾಡಿ. ವಾಯ್ಸ್ ಒಂದೇ ಫೋನಲ್ಲಿ ಸ್ಪಷ್ಟ ಇಲ್ಲ ಅಂದ್ರೆ ಮಿಕ್ಸ್ ಏನೂ ಮಾಡಕಾಗಲ್ಲ.

ಮೊದಲನೇ ಕೆಲಸ ಇಕ್ಯೂನೂ ಅಲ್ಲ ಕಂಪ್ರೆಸರ್ರೂ ಅಲ್ಲ, ವಾಕ್ಯದ ಕೊನೆ ಎತ್ತೋದು. ಕನ್ನಡದಲ್ಲಿ ಕ್ರಿಯಾಪದ ಬರೋದು ಕೊನೆಗೆ, ಇಲ್ಲ ಅನ್ನೋದೂ ಕೊನೆಗೆ, ಓದೋರು ಉಸಿರು ಮುಗಿದು ದನಿ ಇಳಿಸೋದೂ ಸರಿಯಾಗಿ ಅಲ್ಲೇ. ನಮ್ಮ ಸ್ಕ್ರಿಪ್ಟಲ್ಲಿ ಒಂದು ಸಾಲಿದೆ: "ರಸಕ್ಕೆ ಸುಣ್ಣ ಹಾಕ್ತಾರೆ, ಆದ್ರೆ ಜಾಸ್ತಿ ಹಾಕಲ್ಲ, ಜಾಸ್ತಿ ಆದ್ರೆ ಬೆಲ್ಲ ಕಪ್ಪಾಗತ್ತೆ." ಇದರಲ್ಲಿ 'ಹಾಕಲ್ಲ' ಅನ್ನೋದ್ರ ಕೊನೆ ನುಂಗಿಹೋದ್ರೆ ಕೇಳೋರಿಗೆ 'ಜಾಸ್ತಿ ಹಾಕ...' ಅಂತ ಮಾತ್ರ ಸಿಗತ್ತೆ, ಅರ್ಥ ತಿರುಗಾಮುರುಗಾ. ವೇವ್‌ಫಾರ್ಮ್ ನೋಡಿದ್ರೆನೇ ಗೊತ್ತಾಗತ್ತೆ, ವಾಕ್ಯದ ಶುರು ದಪ್ಪ, ಬಾಲ ಸಣ್ಣ. ಪ್ರತಿ ವಾಕ್ಯದ ಬಾಲ ಸೆಲೆಕ್ಟ್ ಮಾಡಿ `Amplify` ಇಂದ 3ರಿಂದ 5 ಡೆಸಿಬಲ್ ಎತ್ತಿ, ಇಲ್ಲಾಂದ್ರೆ `Envelope Tool` ತಗೊಂಡು ಎಳೀರಿ. ಬೇಜಾರಿನ ಕೆಲಸನೇ, ಮೂರು ನಿಮಿಷದ ಸ್ಕ್ರಿಪ್ಟಿಗೆ ಚೆನ್ನಾಗೇ ಟೈಮ್ ತಿನ್ನತ್ತೆ, ಆದ್ರೆ ಇಡೀ ಪ್ರಾಸೆಸ್ಸಲ್ಲಿ ಅತಿ ಹೆಚ್ಚು ಫಲ ಕೊಡೋದು ಇದೇ ಅಂತ ನನ್ನ ಅಭಿಪ್ರಾಯ. ಇನ್ನೂ ರೆಕಾರ್ಡ್ ಮಾಡಿಲ್ಲ ಅಂದ್ರೆ ಓದೋರಿಗೇ ಹೇಳ್ಬಿಡಿ, ವಾಕ್ಯದ ಕೊನೆ ಪದ ಮುಗಿಯೋ ತನಕ ದನಿ ಬಿಡಬೇಡಿ ಅಂತ.

ಆಮೇಲೆ ಇಕ್ಯೂ. `High-Pass Filter` 90 ಹರ್ಟ್ಸ್‌ಗೆ, ರೋಲ್ ಆಫ್ 24 ಡಿಬಿ. ಅದು ಫ್ಯಾನಿನ ಗುಂಯ್ ತೆಗೆಯೋಕೆ. ಇದಾದ್ಮೇಲೆ `Filter Curve EQ` ತೆಗೆದು 250-350 ಹರ್ಟ್ಸ್ ಹತ್ರ 2-3 ಡೆಸಿಬಲ್ ಇಳಿಸಿ, ಸಣ್ಣ ರೂಮಲ್ಲಿ ರೆಕಾರ್ಡ್ ಮಾಡಿದ್ರೆ ಬರೋ ಡಬ್ಬದ ಒಳಗಿನ ದನಿ ಅಲ್ಲೇ ಇರತ್ತೆ. 2.5ರಿಂದ 4 ಕಿಲೋಹರ್ಟ್ಸ್ ಮಧ್ಯೆ 2-3 ಡೆಸಿಬಲ್ ಏರಿಸಿ, ಅಗಲವಾಗಿ, ಗುಡ್ಡದ ಥರ ನಿಧಾನಕ್ಕೆ ಏರಿ ಇಳಿಯಲಿ. ಲ ಮತ್ತು ಳ, ನ ಮತ್ತು ಣ, ತ ಮತ್ತು ಟ ಇವುಗಳ ವ್ಯತ್ಯಾಸ ಗೊತ್ತಾಗೋದ್ರಲ್ಲಿ ಹೆಚ್ಚುಕಮ್ಮಿ 2ರಿಂದ ಶುರುವಾಗೋ ಈ ಭಾಗದ ಪಾಲು ದೊಡ್ಡದು. ಆದ್ರೆ ಇಲ್ಲಿ ಆಸೆ ಜಾಸ್ತಿ ಆಗಬಾರದು, 6-7 ಡೆಸಿಬಲ್ ಏರಿಸಿದ್ರೆ ಫೋನ್ ಸ್ಪೀಕರಿನ ಸಹಜ ಚುರುಕೂ ಅದಕ್ಕೆ ಸೇರಿ ಕಿವಿಗೆ ತಗಡು ಗೀಚಿದಂಗಾಗತ್ತೆ, ಜನ ವಾಲ್ಯೂಮ್ ಇಳಿಸ್ತಾರೆ, ನೀವು ಮಾಡಿದ್ದೆಲ್ಲ ನೀರಲ್ಲಿ ಹೋಮ.

ಕಂಪ್ರೆಸರ್ 3:1 ಅನುಪಾತದಲ್ಲಿ, ಅಟ್ಯಾಕ್ 10 ಮಿಲಿಸೆಕೆಂಡ್, ರಿಲೀಸ್ 100ರ ಹತ್ತಿರ, ಥ್ರೆಶೋಲ್ಡ್ ಎಷ್ಟಿಡ್ಬೇಕಂದ್ರೆ ಜೋರು ಮಾತಲ್ಲಿ 4ರಿಂದ 6 ಡೆಸಿಬಲ್ ಕಮ್ಮಿ ಆಗೋ ಅಷ್ಟು. ಬಾಲ ಮೊದ್ಲೇ ಕೈಯಲ್ಲಿ ಎತ್ತಿರೋದ್ರಿಂದ ಕಂಪ್ರೆಸರಿಗೆ ಕೆಲಸ ಕಮ್ಮಿ, ಉಸಿರಾಟದ ಸದ್ದೂ ಮೇಲೆದ್ದು ಬರಲ್ಲ. ಕೊನೆಗೆ `Loudness Normalization` ಹಾಕಿ ವಾಯ್ಸ್ ಟ್ರ್ಯಾಕನ್ನ -16 LUFS ಗೆ ತನ್ನಿ. LUFS ಅಂದ್ರೆ ಬರೀ ಪೀಕ್ ನೋಡದೆ ಕಿವಿಗೆ ಎಷ್ಟು ಜೋರು ಅನ್ಸತ್ತೆ ಅಂತ ಲೆಕ್ಕ ಹಾಕೋ ಅಳತೆ. ಇನ್ಮೇಲೆ ಈ ಟ್ರ್ಯಾಕನ್ನ ಮುಟ್ಟಬೇಡಿ. ಮುಂದೆ ಎಲ್ಲಾದ್ರೂ ಮಾತು ಕೇಳ್ಸಲ್ಲ ಅನ್ಸಿದ್ರೆ ಮಿಕ್ಕ ಎರಡನ್ನ ಇಳಿಸೋದು, ಇದನ್ನ ಏರಿಸೋದಲ್ಲ.

ಯಾವ ಮ್ಯೂಸಿಕ್ ಅನ್ನೋದೇ ಅರ್ಧ ಮಿಕ್ಸ್

ಕೊಳಲು ಮತ್ತು ತಂಬೂರ ಕೇಳೋಕೆ ಎಷ್ಟು ಮೆತ್ತಗಿರತ್ತೆ ಅಂದ್ರೆ ಇದು ಮಾತಿಗೆ ಅಡ್ಡ ಬರಲ್ಲ ಬಿಡು ಅನ್ಸತ್ತೆ. ಆದ್ರೆ ಫೋನಿನ ಲೆಕ್ಕದಲ್ಲಿ ಇವೆರಡೂ ಕಿಲಾಡಿಗಳು. ಕೊಳಲಿನ ಸ್ವರ ಮಾತಿನ ಜಾಗದಲ್ಲೇ ಓಡಾಡತ್ತೆ, ಉದ್ದಕ್ಕೆ ಎಳೀತಾ ಹೋಗತ್ತೆ, ಜೊತೆಗೆ ಅದೂ ಮನುಷ್ಯನ ಉಸಿರೇ ಆದ್ದರಿಂದ ಕಿವಿ ಮಾತು ಬಿಟ್ಟು ಅದರ ಹಿಂದೆ ಹೋಗತ್ತೆ. ತಂಬೂರದ ಜೀವಾಳಿ ಇದ್ಯಲ್ಲ, ಆ ಝೇಂಕಾರ, ಅದು ಮೇಲಿನ ಹಾರ್ಮೋನಿಕ್ಸಿನ ರಾಶಿ, ಒಂದು ಕ್ಷಣನೂ ಬಿಡುವು ಕೊಡದೆ ಮಾತಿನ ಜಾಗ ತುಂಬಿಕೊಂಡಿರತ್ತೆ. ಅದೇ ವೀಣೆ ಆದ್ರೆ ಮೀಟಿದ ಮೇಲೆ ಸದ್ದು ತಾನಾಗೇ ಇಳಿಯತ್ತೆ, ಮೀಟುಗಳ ಮಧ್ಯೆ ಮಾತು ತೂರತ್ತೆ. ಮೃದಂಗದಲ್ಲಿ ಎಡಗಡೆ ತೊಪ್ಪಿಯ ಗುಂಕಿ ಫೋನಲ್ಲಿ ಬರೋದೇ ಇಲ್ಲ, ಬಲಗಡೆಯ ಚುರುಕು ಸದ್ದು ಮಾತ್ರ ಉಳಿದು ಯಾರೋ ಟೇಬಲ್ ಕುಟ್ಟಿದಂಗೆ ಕೇಳ್ಸತ್ತೆ. ಹಾಡಿರೋ ಮ್ಯೂಸಿಕ್ ಅಂತೂ ವಾಯ್ಸ್ ಓವರ್ ಕೆಳಗೆ ಬೇಡವೇ ಬೇಡ, ಎರಡು ಕಡೆ ಪದ ಇದ್ರೆ ಯಾವುದೂ ಕೇಳ್ಸಲ್ಲ.

ನಮ್ಮ ಆಲೆಮನೆಗೆ ಕೊಳಲು ಬೇಕೇಬೇಕು ಅಂತಾದ್ರೆ ಮಾತಿಲ್ಲದ ಕಡೆ ಇಟ್ಕೊಳ್ಳಿ, ಮಾತಿರೋ ಕಡೆ ವೀಣೆದೋ ಗಿಟಾರಿದೋ ಸರಳವಾದ ಮೀಟು ಸಾಕು.

ಮ್ಯೂಸಿಕ್ ಟ್ರ್ಯಾಕಿಗೆ ಇಕ್ಯೂ ಎರಡು ಕಡೆ. ಮಾತಿನ ಜಾಗದಲ್ಲಿ ಅಂದ್ರೆ 1ರಿಂದ 4 ಕಿಲೋಹರ್ಟ್ಸ್‌ನಲ್ಲಿ 4-6 ಡೆಸಿಬಲ್ ಅಗಲವಾದ ಗುಂಡಿ ತೋಡಿ. ಕೆಳಗೆ 120 ಹರ್ಟ್ಸ್‌ಗೆ ಹೈಪಾಸ್ ಹಾಕಿ. ಬಾಸ್ ಹೇಗೂ ಫೋನಲ್ಲಿ ಬರಲ್ಲ, ಮತ್ಯಾಕೆ ಕತ್ತರಿಸ್ಬೇಕು ಅಂತ ಕೇಳ್ಬಹುದು. ಈಗಿನ ಫೋನ್‌ಗಳಲ್ಲಿ ಸಣ್ಣ ಸ್ಪೀಕರ್ ಒಡೆದು ಹೋಗದೆ ಇರ್ಲಿ ಅಂತ ಒಳಗೇ ಒಂದು ಲಿಮಿಟರ್ ಇರತ್ತೆ, ಜೋರು ಬಾಸ್ ಬಂದಾಗ ಕೆಲವು ಫೋನ್‌ಗಳಲ್ಲಿ ಅದು ಒಟ್ಟು ಸದ್ದನ್ನೇ ಹಿಂದಕ್ಕೆಳೆಯತ್ತೆ, ಕೇಳದೇ ಇರೋ ಬಾಸಿಗೋಸ್ಕರ ಕೇಳಬೇಕಾದ ಮಾತು ಕುಗ್ಗತ್ತೆ. ಡ್ರಮ್ ಬಿದ್ದಾಗೆಲ್ಲ ಮಾತು ಉಸಿರು ಕಟ್ಟಿದಂಗೆ ಆಗ್ತಿದ್ರೆ ಇದೇ ಕಾರಣ ಅನ್ಕೊಳ್ಳಿ. 120ಕ್ಕಿಂತ ಮೇಲಕ್ಕೆ ಕತ್ತರಿಸ್ತಾ ಹೋದ್ರೆ ಹೆಡ್‌ಫೋನ್, ಟಿವಿಲಿ ನೋಡೋರಿಗೆ ಮ್ಯೂಸಿಕ್ ಪೇಲವ ಆಗತ್ತೆ, ಅಷ್ಟಕ್ಕೇ ನಿಲ್ಲಿಸೋದು ವಾಸಿ.

ಎಷ್ಟು ಕೆಳಗೆ? 20 ಡೆಸಿಬಲ್ ಲೆಕ್ಕ, ಅದರಲ್ಲಿರೋ ಮೋಸ

ವೆಬ್ ಎಲ್ಲರಿಗೂ ಸುಲಭ ಆಗ್ಬೇಕು ಅಂತ ಮಾಡಿರೋ ಡಬ್ಲ್ಯೂಸಿಎಜಿ ಅನ್ನೋ ನಿಯಮಾವಳಿ ಇದೆ, ಅದರ 2008ರ 2.0 ಆವೃತ್ತಿಯಲ್ಲಿ 1.4.7 ಅಂತ ಒಂದು ಅಂಶ, ಬರೀ ಆಡಿಯೋ ಇರೋ ರೆಕಾರ್ಡಿಂಗಲ್ಲಿ ಹಿನ್ನೆಲೆ ಸದ್ದು ಮಾತಿಗಿಂತ ಕನಿಷ್ಠ 20 ಡೆಸಿಬಲ್ ಕೆಳಗಿರಬೇಕು ಅನ್ನತ್ತೆ, ಒಂದೆರಡು ಸೆಕೆಂಡಿನ ಆಗೊಮ್ಮೆ ಈಗೊಮ್ಮೆ ಸದ್ದಿಗೆ ವಿನಾಯಿತಿ ಇದೆ. ಅದು ಅತಿ ಮೇಲಿನ ಹಂತದ ನಿಯಮ, ಎಲ್ಲರೂ ಪಾಲಿಸ್ತಾರೆ ಅಂತಲ್ಲ, ಆದ್ರೆ ಗುರಿಯಾಗಿ ಇಟ್ಕೊಳ್ಳೋಕೆ ಒಳ್ಳೇ ಅಂಕಿ. ಆಡಾಸಿಟಿಯಲ್ಲಿ ಇದನ್ನೇ ಅಳೆಯೋಕೆ `Analyze` ಮೆನುವಲ್ಲಿ `Contrast` ಅಂತ ಒಂದು ಟೂಲ್ ಇದೆ, ಜಾಸ್ತಿ ಜನ ಅದನ್ನ ತೆರೆದೇ ನೋಡಿರಲ್ಲ.

ಬಳಸೋದು ಹೀಗೆ. ಮ್ಯೂಸಿಕ್, ಆಂಬಿಯನ್ಸ್ ಎರಡನ್ನ ಸೆಲೆಕ್ಟ್ ಮಾಡಿ `Mix and Render to New Track` ಕೊಟ್ರೆ ಹಿನ್ನೆಲೆ ಪೂರ್ತಿ ಒಂದು ಟ್ರ್ಯಾಕಲ್ಲಿ ಬರತ್ತೆ. ಮಾತಿರೋ ಒಂದು ಹತ್ತು ಸೆಕೆಂಡ್ ವಾಯ್ಸ್ ಟ್ರ್ಯಾಕಲ್ಲಿ ಸೆಲೆಕ್ಟ್ ಮಾಡಿ ಫೋರ್‌ಗ್ರೌಂಡ್ ಅಂತ ಅಳೀರಿ, ಅದೇ ಹತ್ತು ಸೆಕೆಂಡ್ ಹಿನ್ನೆಲೆ ಟ್ರ್ಯಾಕಲ್ಲಿ ಸೆಲೆಕ್ಟ್ ಮಾಡಿ ಬ್ಯಾಕ್‌ಗ್ರೌಂಡ್ ಅಂತ ಅಳೀರಿ, ವ್ಯತ್ಯಾಸ ಎಷ್ಟು, ಪಾಸೋ ಫೇಲೋ ಅಂತ ತೋರಿಸತ್ತೆ.

ಮೋಸ ಎಲ್ಲಿದೆ ಅಂದ್ರೆ, ಆ ಟೂಲ್ ಎಲ್ಲಾ ಫ್ರೀಕ್ವೆನ್ಸಿನೂ ಸೇರ್ಸಿ ಅಳೆಯತ್ತೆ. ಕೊಪ್ಪರಿಗೆ ಶಾಟ್ ಇರೋ ಭಾಗ ತಗೊಳ್ಳಿ. ಮಾತು -20, ಹಿನ್ನೆಲೆ -40 ಅಂತ ಬಂತು ಅನ್ಕೊಳ್ಳೋಣ, ವ್ಯತ್ಯಾಸ 20, ಪಾಸ್. ಈಗ ಎರಡೂ ಟ್ರ್ಯಾಕಿನ ಕಾಪಿ ಮಾಡ್ಕೊಂಡು ಎರಡಕ್ಕೂ 500 ಹರ್ಟ್ಸ್ ಹೈಪಾಸ್ ಹಾಕಿ ಮತ್ತೆ ಅಳೀರಿ. ಮಾತಿನ ಶಕ್ತಿಯ ದೊಡ್ಡ ಪಾಲು 500ರ ಕೆಳಗಿರೋದ್ರಿಂದ ಅದು -26ಕ್ಕೆ ಇಳಿದಿರತ್ತೆ, ಕುದಿಯೋ ಶ್ಶ್ ಮೇಲಿನದ್ದೇ ಆದ್ದರಿಂದ ಬರೀ -41. ವ್ಯತ್ಯಾಸ ಈಗ 15. ಹೆಡ್‌ಫೋನಲ್ಲಿದ್ದ 20 ಫೋನಿಗೆ ಬರೋಷ್ಟರಲ್ಲಿ 15 ಆಯ್ತು, ನೀವು ಯಾವ ಫೇಡರ್ರೂ ಮುಟ್ಟಿಲ್ಲ. ನಿಮ್ಮ ಫೈಲಲ್ಲಿ ಅಂಕಿ ಬೇರೆ ಬರತ್ತೆ, ಆದ್ರೆ ಶ್ಶ್ ಥರದ ಸದ್ದಿದ್ದಾಗ ಅಂತರ ಕಮ್ಮಿ ಆಗೋದು, ಬರೀ ಮೋಟರ್ ಗುಯ್ ಇದ್ದಾಗ ಅಂತರ ಜಾಸ್ತಿ ಆಗೋದು ಖಾಯಂ. ಹಂಗಾಗಿ ಅಳೆಯೋದಾದ್ರೆ ಹೈಪಾಸ್ ಹಾಕಿದ ಕಾಪಿನೇ ಅಳೀರಿ, ಆ ಕಾಪಿಯಲ್ಲಿ 18-20 ಸಿಕ್ಕಿದ್ರೆ ನೆಮ್ಮದಿ.

ಇನ್ನೊಂದು ಲೆಕ್ಕ. ಮ್ಯೂಸಿಕ್ 20 ಕೆಳಗೆ, ಆಂಬಿಯನ್ಸ್ 20 ಕೆಳಗೆ ಅಂತ ಎರಡನ್ನೂ ಸರಿಯಾಗೇ ಇಟ್ಟಿದೀನಿ ಅನ್ಸತ್ತೆ, ಆದ್ರೆ ಸಮ ಇರೋ ಎರಡು ಸದ್ದು ಸೇರಿದ್ರೆ 3 ಡೆಸಿಬಲ್ ಏರತ್ತೆ, ಒಟ್ಟು ಹಿನ್ನೆಲೆ 17ಕ್ಕೆ ಬಂದಿರತ್ತೆ. ಮೇಲೆ ಒಂದು ಸಲಕ್ಕೆ ಒಬ್ರು ಅಂದಿದ್ದು ಇದಕ್ಕೂ ಸೇರಿಸಿ. ಗಾಣ ತೋರಿಸ್ತಾ ಮಾತಾಡುವಾಗ ಗಾಣದ ಸದ್ದಿರಲಿ, ಮ್ಯೂಸಿಕ್ ಪೂರ್ತಿ ತೆಗೀರಿ. ಬೆಲ್ಲದ ಇತಿಹಾಸನೋ ರೇಟೋ ಹೇಳುವಾಗ ಮ್ಯೂಸಿಕ್ ಇರಲಿ, ಗಾಣ ತೆಗೀರಿ. ಎರಡೂ ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಇರೋ ಮಿಕ್ಸ್ ಫೋನಲ್ಲಿ ಬರೀ ಗಜಿಬಿಜಿ, ನೋಡೋರಿಗೆ ಅದು ಗಾಣ ಅಂತನೂ ಗೊತ್ತಾಗಲ್ಲ, ರಾಗ ಅಂತನೂ ಗೊತ್ತಾಗಲ್ಲ.

ಆಂಬಿಯನ್ಸನ್ನ ಮೊದ್ಲು ಕೇಳ್ಸಿ, ಆಮೇಲೆ ಕೂರ್ಸಿ

ಆಂಬಿಯನ್ಸ್ ಇಷ್ಟು ಕೆಳಗಿಟ್ರೆ ಇದ್ದೂ ಏನು ಪ್ರಯೋಜನ ಅನ್ನೋ ಪ್ರಶ್ನೆ ಬರತ್ತೆ. ಕಿವಿ ಒಂದು ಸದ್ದನ್ನ ಒಂದ್ಸಲ ಗುರುತು ಹಿಡಿದ್ರೆ ಆಮೇಲೆ ಸಣ್ಣಗಿದ್ರೂ ಇದೆ ಅಂತ ನಂಬತ್ತೆ. ಗಾಣದ ಶಾಟ್ ಬಂದಾಗ ಮಾತು ಶುರು ಮಾಡೋ ಮುಂಚೆ ಎರಡು ಮೂರು ಸೆಕೆಂಡ್ ಗಾಣ ಒಂದೇ ಜೋರಾಗಿ ಕೇಳ್ಲಿ, ಮಾತಿಗಿಂತ 4-6 ಡೆಸಿಬಲ್ ಮಾತ್ರ ಕೆಳಗೆ. ಆಮೇಲೆ ಮಾತು ಬರೋ ಅರ್ಧ ಸೆಕೆಂಡ್ ಮುಂಚೆ ಇಳಿಯೋಕೆ ಶುರುವಾಗಿ ಮೊದಲನೇ ಪದ ಬರೋಷ್ಟರಲ್ಲಿ ಕೆಳಗೆ ಕೂತಿರಲಿ. ಮಾತು ಶುರುವಾದ್ಮೇಲೆ ಇಳಿಸಿದ್ರೆ ಮೊದಲ ಪದ ಹೋಯ್ತು ಅಂತಾನೇ ಲೆಕ್ಕ, 'ಕೊಪ್ಪರಿಗೆ' ಬದಲು 'ಪರಿಗೆ' ಕೇಳ್ಸತ್ತೆ.

ಕುದಿಯೋ ಸದ್ದಿಗೆ ಮಾತ್ರ ಒಂದು ಬೇರೆ ಉಪಾಯ. ಅದನ್ನ ಇಳಿಸಿದ್ರೆ ಸಾಲಲ್ಲ, ಮಾತಿನ ಕೆಳಗೆ ಅದರಲ್ಲಿನ 2 ಕಿಲೋಹರ್ಟ್ಸ್ ಮೇಲಿನದ್ದನ್ನ 8-10 ಡೆಸಿಬಲ್ ತಗ್ಗಿಸಿ. ಗುಳುಗುಳು ಅನ್ನೋ ದಪ್ಪ ಗುಳ್ಳೆ ಒಡೆಯೋ ಸದ್ದು ಕೆಳಗೆ ಉಳಿಯತ್ತೆ, ಶ್ಶ್ ಹೋಗತ್ತೆ. ಪಾಕ ಹದಕ್ಕೆ ಬರೋ ಹೊತ್ತಲ್ಲಿ ಗುಳ್ಳೆ ದಪ್ಪ ಆಗಿ ಬಿಡಿಬಿಡಿಯಾಗಿ ಒಡೀತವಲ್ಲ, ಆ ಸದ್ದು ರೆಕಾರ್ಡ್ ಮಾಡ್ಕೊಂಡಿದ್ರೆ ಮಾತಿನ ಕೆಳಗೆ ಅದನ್ನೇ ಬಳಸಿ, ರಸ ನೀರಾಗಿದ್ದಾಗಿನ ಸದ್ದಿಗಿಂತ ಎಷ್ಟೋ ಮೇಲು.

ಡಕ್ಕಿಂಗ್: ಮಾತು ಬಂದಾಗ ಮ್ಯೂಸಿಕ್ ತಾನೇ ಇಳಿಯೋದು

ಕೈಯಲ್ಲಿ ಎನ್ವಲಪ್ ಎಳೆಯೋ ತಾಳ್ಮೆ ಇದ್ರೆ ಅದೇ ಬೆಸ್ಟ್. ಇಲ್ಲಾಂದ್ರೆ `Auto Duck`. ಇದು ಟ್ರ್ಯಾಕನ್ನ ಖಾಯಂ ಬದಲಾಯಿಸತ್ತೆ, ಹಾಗಾಗಿ ಮ್ಯೂಸಿಕ್ಕಿನ ಒಂದು ಕಾಪಿ ಇಟ್ಕೊಂಡು ಮಾಡಿ. ವಾಯ್ಸ್ ಟ್ರ್ಯಾಕ್ ಮ್ಯೂಸಿಕ್ ಟ್ರ್ಯಾಕಿನ ಸರಿಯಾಗಿ ಕೆಳಗಡೆ ಇರಬೇಕು, ಮಧ್ಯ ಬೇರೆ ಟ್ರ್ಯಾಕ್ ಇದ್ರೆ ಅದನ್ನೇ ಮಾತು ಅನ್ಕೊಂಡುಬಿಡತ್ತೆ. ಮ್ಯೂಸಿಕ್ ಸೆಲೆಕ್ಟ್ ಮಾಡಿ ಇಫೆಕ್ಟ್ ಹಾಕಿ.

ಮಾತಿಲ್ಲದ ಕಡೆ ಮ್ಯೂಸಿಕ್ -22 LUFS ಸುತ್ತಮುತ್ತ ಇದ್ರೆ `Duck amount` -14 ಕೊಡಿ, ಮಾತಿನ ಕೆಳಗೆ -36ಕ್ಕೆ ಹೋಗತ್ತೆ, ಅಂದ್ರೆ ಮಾತಿಗಿಂತ 20 ಕೆಳಗೆ. ಇಳಿಯೋಕೆ ಹೊರಗಿನ ಫೇಡ್ 0.4 ಸೆಕೆಂಡ್, ಏರೋಕೆ 1 ಸೆಕೆಂಡ್, ಒಳಗಿನ ಫೇಡ್ ಎರಡೂ ಸೊನ್ನೆ. ಹೊರಗಿನದು ಅಂದ್ರೆ ಮಾತು ಶುರುವಾಗೋ ಮುಂಚೆ ಮತ್ತು ಮುಗಿದ ಮೇಲೆ, ಒಳಗಿನದು ಅಂದ್ರೆ ಮಾತಿನ ಮೇಲೆನೇ, ಅದು ನಮಗೆ ಬೇಡ. `Maximum pause` 1.5 ಸೆಕೆಂಡ್ ಇಡಿ. ಇದನ್ನ ಕಮ್ಮಿ ಇಟ್ರೆ ಪ್ರತಿ ಅಲ್ಪವಿರಾಮಕ್ಕೂ ಮ್ಯೂಸಿಕ್ ಮೇಲೆದ್ದು ಮತ್ತೆ ಮುಳುಗತ್ತೆ, ನೋಡೋರಿಗೆ ತಲೆ ಸುತ್ತು ಬರತ್ತೆ. ಉದ್ದ ಗ್ಯಾಪಲ್ಲಿ ಮಾತ್ರ ಮ್ಯೂಸಿಕ್ ಏಳ್ಬೇಕು. ಥ್ರೆಶೋಲ್ಡ್ -35ರಿಂದ ಶುರು ಮಾಡಿ ನೋಡಿ, ಮಾತಿನ ಮಧ್ಯೆನೇ ಮ್ಯೂಸಿಕ್ ಎದ್ರೆ ಇನ್ನೂ ಕೆಳಗೆ ಇಳಿಸಿ, ಎಲ್ಲೂ ಏಳ್ತಾನೇ ಇಲ್ಲ ಅಂದ್ರೆ ವಾಯ್ಸ್ ಟ್ರ್ಯಾಕಲ್ಲಿ ಫ್ಯಾನ್ ಸದ್ದು ಜಾಸ್ತಿ ಇದೆ ಅಂತ, ಆಗ ಥ್ರೆಶೋಲ್ಡ್ ಏರಿಸಿ ಅಥವಾ ವಾಯ್ಸಿನ ಖಾಲಿ ಜಾಗಗಳನ್ನ ಸೈಲೆನ್ಸ್ ಮಾಡಿ.

ಕೊನೆಯ ಲೆವೆಲ್

ಒಟ್ಟು ಮಿಕ್ಸಿಗೆ ಲಿಮಿಟರ್ ಹಾಕಿ ಟ್ರೂ ಪೀಕ್ -1 ದಾಟದ ಹಾಗೆ, ಒಟ್ಟು ಜೋರು -16ರಿಂದ -14 LUFS ಮಧ್ಯೆ ಬರೋ ಹಾಗೆ ನೋಡ್ಕೊಳ್ಳಿ. ಚೆಕ್ ಮಾಡೋಕೆ:

```
ffmpeg -i alemane.mp4 -af ebur128=peak=true -f null -
```

ಕೊನೆಯಲ್ಲಿ ಬರೋ `I:` ಅಂಕಿ ಒಟ್ಟು ಜೋರು, `Peak:` ಅಂದ್ರೆ ಟ್ರೂ ಪೀಕ್. ಯೂಟ್ಯೂಬ್ -14ಕ್ಕಿಂತ ಜೋರಿದ್ರೆ ಪ್ಲೇ ಮಾಡುವಾಗ ಇಳಿಸತ್ತೆ, ಮೆತ್ತಗಿದ್ರೆ ಏರ್ಸಲ್ಲ. ಅಂದ್ರೆ -9ಕ್ಕೆ ಕುಟ್ಟಿ ಕಳ್ಸಿದ್ರೆ ಲಾಭ ಏನೂ ಇಲ್ಲ, ಕುಟ್ಟುವಾಗ ಲಿಮಿಟರ್ ಹಿನ್ನೆಲೆನ ಮಾತಿನ ಹತ್ರಕ್ಕೆ ತಂದಿರತ್ತೆ, ಯೂಟ್ಯೂಬ್ ಇಳಿಸಿದ್ಮೇಲೆ ಆ ಗಜಿಬಿಜಿ ಹಾಗೇ ಉಳಿಯತ್ತೆ. ಹಾಗಂತ -24ಕ್ಕೆ ಬಿಟ್ರೂ ಕಷ್ಟ, ಫೋನ್ ವಾಲ್ಯೂಮ್ ಪೂರ್ತಿ ಏರ್ಸಿದ್ರೂ ಸಾಕಾಗಲ್ಲ.

ನಿಜವಾದ ಫೋನಲ್ಲಿ, ನಿಜವಾದ ಮನೇಲಿ

ಫೈಲನ್ನ ವಾಟ್ಸಾಪಲ್ಲಿ ಕಳ್ಸೋದಾದ್ರೆ ಡಾಕ್ಯುಮೆಂಟ್ ಅಂತ ಕಳ್ಸಿ, ವಿಡಿಯೋ ಅಂತ ಕಳ್ಸಿದ್ರೆ ಅದು ಮತ್ತೆ ಕಂಪ್ರೆಸ್ ಮಾಡತ್ತೆ, ನೀವು ಏನನ್ನ ಕೇಳ್ತಿದೀರ ಅಂತಾನೇ ಗೊತ್ತಾಗಲ್ಲ. ಮನೇಲಿರೋ ಹಳೇ, ಅಗ್ಗದ ಫೋನಿದ್ರೆ ಅದರಲ್ಲೇ ಹಾಕಿ. ಫ್ಯಾನ್ ಓಡ್ತಾ ಇರಲಿ, ವಾಲ್ಯೂಮ್ ಅರ್ಧ, ಫೋನ್ ಒಂದು ಮಾರು ದೂರ ಟೇಬಲ್ ಮೇಲೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕೋ ಹೊತ್ತಲ್ಲಿ ಹಾಕಿ ನೋಡಿದ್ರೆ ಇನ್ನೂ ಒಳ್ಳೇದು, ಆ ಚುಂಯ್ ಸದ್ದು ನಮ್ಮ ಕೊಪ್ಪರಿಗೆ ಶ್ಶ್‌ನ ಅಣ್ಣ.

ಆದ್ರೆ ನೀವೇ ಕೇಳಿ ತೀರ್ಪು ಕೊಡಬೇಡಿ. ನಿಮಗೆ ಸ್ಕ್ರಿಪ್ಟ್ ಬಾಯಿಪಾಠ ಆಗಿರತ್ತೆ, ಅರ್ಧ ಕೇಳಿದ್ರೂ ಪೂರ್ತಿ ಕೇಳ್ದಂಗೆ ಅನ್ಸತ್ತೆ. ಸ್ಕ್ರಿಪ್ಟ್ ನೋಡದೇ ಇರೋರನ್ನ, ಅಮ್ಮನೋ ಪಕ್ಕದ ಮನೆ ಅಂಕಲ್ಲೋ, ಕೂರ್ಸಿ ಒಂದೇ ಸಲ ಕೇಳ್ಸಿ. ಅರ್ಥ ಆಯ್ತಾ ಅಂತ ಕೇಳಬೇಡಿ, ಎಲ್ರೂ ಆಯ್ತು ಅಂತಾರೆ. "ಗಾಣ ಆದ್ಮೇಲೆ ಏನು ಹಾಕ್ತಾರಂತೆ? ಎಷ್ಟು ಕೆಜಿ ಅಂದ್ರು?" ಅಂತ ಕೇಳಿ. ಅಂಕಿಗಳಲ್ಲೇ ಜಾಸ್ತಿ ಎಡವಟ್ಟಾಗೋದು. ಇಪ್ಪತ್ತು ಎಪ್ಪತ್ತು, ಎಂಬತ್ತು ಒಂಬತ್ತು, ಇವುಗಳಲ್ಲಿ ವ್ಯತ್ಯಾಸ ಇರೋದು ಮೊದಲ ಸ್ವರ ಒಂದರಲ್ಲಿ, ಇ ಮತ್ತು ಎ ಬೇರೆ ಅಂತ ಹೇಳೋ ಗುರುತಿನ ಒಂದು ಭಾಗ ಫೋನ್ ಕತ್ತರಿಸೋ 300-500 ಹರ್ಟ್ಸ್ ಜಾಗದಲ್ಲೇ ಇದೆ. ಇದಕ್ಕೆ ಇಕ್ಯೂ ಮದ್ದಲ್ಲ. ಅಂಕಿ ಹೇಳೋ ಕ್ಷಣದಲ್ಲಿ ಹಿನ್ನೆಲೆನ ಪೂರ್ತಿ ಸೊನ್ನೆ ಮಾಡಿ, ಜೊತೆಗೆ ಸ್ಕ್ರೀನ್ ಮೇಲೆ ಅಂಕಿ ಬರೆದುಬಿಡಿ.

ಇಷ್ಟು ಮಾಡಿದ್ಮೇಲೂ ಕೈಕೊಡೋ ಒಂದು ಜಾಗ ಇದೆ, ಗಾಣದ ಪಕ್ಕದಲ್ಲೇ ನಿಂತು ಆಲೆಮನೆ ಯಜಮಾನರ ಜೊತೆ ಮಾಡಿದ ಇಂಟರ್‌ವ್ಯೂ. ಅಲ್ಲಿ ಮಾತು ಮತ್ತು ಗಾಣ ಒಂದೇ ಟ್ರ್ಯಾಕಲ್ಲಿ ಅಂಟಿಕೊಂಡಿವೆ, ಇಳಿಸಿದ್ರೆ ಎರಡೂ ಇಳಿಯತ್ತೆ. ನಾಯ್ಸ್ ರಿಡಕ್ಷನ್ ಸ್ವಲ್ಪ ಹಾಕ್ಬಹುದು, 6-8 ಡೆಸಿಬಲ್ ದಾಟಿದ್ರೆ ಮಾತು ನೀರೊಳಗಿಂದ ಬಂದಂಗಾಗತ್ತೆ, ಫೋನಲ್ಲಿ ಅದು ಗಾಣದ ಸದ್ದಿಗಿಂತ ಕೆಟ್ಟದಾಗಿ ಕೇಳ್ಸತ್ತೆ. ಅಲ್ಲಿ ಮ್ಯೂಸಿಕ್ ಹಾಕದೆ, ಬೇರೆ ಆಂಬಿಯನ್ಸ್ ಸೇರ್ಸದೆ, ಕನ್ನಡದಲ್ಲೇ ಸಬ್‌ಟೈಟಲ್ ಹಾಕಿ. ಇಲ್ಲಾ ಅಂದ್ರೆ ಅವರ ಮೊದಲ ಒಂದೆರಡು ಮಾತು ಮಾತ್ರ ಹಾಗೇ ಇಟ್ಟು, ಮಿಕ್ಕ ವಿಷಯನ ವಾಯ್ಸ್ ಓವರಲ್ಲಿ "ಯಜಮಾನ್ರು ಹೇಳೋ ಪ್ರಕಾರ" ಅಂತ ಹೇಳಿಸಿ. ಮತ್ತೆ ಶೂಟಿಗೆ ಹೋಗೋ ಅವಕಾಶ ಇದ್ರೆ ಮೋಟರ್ ಆಫ್ ಮಾಡೋ ಹೊತ್ತು ಯಾವಾಗ ಅಂತ ಮೊದ್ಲೇ ಕೇಳ್ಕೊಂಡು ಅಷ್ಟೊತ್ತಿಗೆ ಮೈಕ್ ಹಿಡೀರಿ.